ದೀಪಾವಳಿ ಸೇಲ್ ಇಮೇಲ್: ಸಬ್ಜೆಕ್ಟ್ ಸಾಲು ಹೀಗೆ ಬರೆದು ನೋಡಿ

ಇಳಕಲ್ ಸೀರೆ ಮಾರುವ ನಮ್ಮ ಅಕ್ಕ ಮೊದಲು ಬರೆದ ಸಾಲು ಇದು: "ದೀಪಾವಳಿ ಮೆಗಾ ಸೇಲ್!!! 20% ಆಫ್!!! ಇಂದೇ ಕೊನೆ!!!" ಇಬ್ಬರೂ ಕೂತು ಬದಲಾಯಿಸಿದೆವು: "ನೀರು ತುಂಬುವ ಹಬ್ಬಕ್ಕೆ ಮುಂಚೆ ಇಳಕಲ್ ಸೀರೆ ಮನೆಗೆ".

ಇದರಲ್ಲಿ ಹಬ್ಬ ಇದೆ, ಸೀರೆ ಇದೆ, ಯಾವಾಗ ಕೈಗೆ ಬರುತ್ತೆ ಅನ್ನೋದೂ ಇದೆ. ರಿಯಾಯಿತಿ ಎಷ್ಟು ಅಂತ ಪಕ್ಕದಲ್ಲಿ ಕಾಣುವ ಪ್ರಿವ್ಯೂ ಸಾಲಿನಲ್ಲಿ ಹಾಕಿ: "ನವೆಂಬರ್ 1ರೊಳಗೆ ಆರ್ಡರ್ ಮಾಡಿದರೆ 20% ಕಡಿಮೆ". ಮೊಬೈಲಿನಲ್ಲಿ ಸಬ್ಜೆಕ್ಟ್ ಉದ್ದವಾದರೆ ಕತ್ತರಿಸಿ ಹೋಗುತ್ತೆ. ಅದಕ್ಕೇ ಮುಖ್ಯ ಮಾತು ಮೊದಲು ಬರಲಿ.

"ಸೇಲ್" ಅನ್ನೋ ಒಂದು ಪದಕ್ಕೇ ಮೇಲ್ ಸ್ಪ್ಯಾಮ್‌ಗೆ ಹೋಗಲ್ಲ, ಹೆದರಬೇಡಿ. ಓದುವವರು "ಸ್ಪ್ಯಾಮ್" ಒತ್ತುವುದೇ ಜಾಸ್ತಿ ಪೆಟ್ಟು. ಜಿಮೇಲ್ ಪ್ರಕಾರ ಈ ದೂರು 0.3% ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂವರು. ಹಾಗಾಗಿ "Re:" ಹಾಕಿ ಹಳೇ ಮಾತುಕತೆ ಅನ್ನೋ ಹಾಗೆ ತೋರಿಸೋದು, ನಾಳೆಯೂ ಇರುವ ಸೇಲನ್ನು "ಇಂದೇ ಕೊನೆ" ಅನ್ನೋದು ದಯವಿಟ್ಟು ಬೇಡ. ಮೋಸ ಹೋದೆ ಅನ್ನಿಸಿದವರೇ ಆ ಬಟನ್ ಒತ್ತೋದು ಅಲ್ವಾ? ಮೇಲ್ ಬೇಡ ಅನ್ನುವವರಿಗೆ ಅನ್‌ಸಬ್‌ಸ್ಕ್ರೈಬ್ ಲಿಂಕ್ ಸುಲಭವಾಗಿ ಸಿಗಲಿ.

ಎಲ್ಲರಿಗೂ ಕಳಿಸುವ ಮೊದಲು ನಿಮ್ಮದೇ ಜಿಮೇಲ್‌ಗೆ ಒಂದು ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕೆ ಒತ್ತಿ, "Show original" ನೋಡಿ. ಮೇಲ್ ನಿಜಕ್ಕೂ ನಿಮ್ಮ ಡೊಮೇನಿನಿಂದಲೇ ಬಂದಿದೆಯಾ ಅಂತ ನೋಡುವ ಪರೀಕ್ಷೆಗಳಾದ SPF, DKIM, DMARC ಮೂರರ ಎದುರೂ PASS ಅಂತ ಇರಬೇಕು. ಇಲ್ಲದಿದ್ದರೆ ಮೊದಲು ಡೊಮೇನ್ ಸೆಟ್ಟಿಂಗ್ ಸರಿ ಮಾಡಿಸಿ. ಅದು ಕೆಟ್ಟಿದ್ದರೆ ಎಷ್ಟು ಚೆಂದದ ಸಾಲು ಬರೆದರೂ ಇನ್‌ಬಾಕ್ಸ್ ಸೇರೋದು ಕಷ್ಟ. ಪ್ರಮೋಷನ್ಸ್ ಟ್ಯಾಬಿಗೆ ಬಂದರೆ ಚಿಂತೆ ಬೇಡ, ಅದು ಸ್ಪ್ಯಾಮ್ ಅಲ್ಲ.