ಗುರಿ ನೆಗೆಯುತ್ತಿದೆಯೇ? ಸೆನ್ಸಿಟಿವಿಟಿ ಮುಟ್ಟುವ ಮೊದಲು ಡೆಡ್ ಝೋನ್ ನೋಡಿ

ಗೇಮ್‌ಪ್ಯಾಡ್ ಹಿಡಿದು ಶೂಟಿಂಗ್ ಆಟ ಆಡುವವರ ದೂರು ಹೆಚ್ಚುಕಡಿಮೆ ಒಂದೇ. ದೂರದ ಎದುರಾಳಿಯ ಮೇಲೆ ಗುರಿಯನ್ನು ಕೂದಲೆಳೆಯಷ್ಟು ಸರಿಸಲು ಹೋದರೆ ಅದು ಅಲುಗುವುದೇ ಇಲ್ಲ. ಇನ್ನೊಂಚೂರು ಒತ್ತಿದರೆ ಅವನನ್ನು ದಾಟಿ ಆಚೆ ನೆಗೆಯುತ್ತದೆ. ಸಿಟ್ಟಿನಲ್ಲಿ ಸೆನ್ಸಿಟಿವಿಟಿ ತಗ್ಗಿಸುತ್ತೇವೆ. ಆಮೇಲೆ ಬೆನ್ನ ಹಿಂದಿನಿಂದ ಗುಂಡು ಬಂದರೆ ತಿರುಗುವಷ್ಟರಲ್ಲಿ ಆಟ ಮುಗಿದಿರುತ್ತದೆ. ಇಂಥ ನೆಗೆತಕ್ಕೆ ಅನೇಕ ಸಲ ಕಾರಣ ಡೆಡ್ ಝೋನ್, ಅಂದರೆ ಸ್ಟಿಕ್ ನಡುವಿನಲ್ಲಿರುವಾಗ ಅದರ ಚಲನೆಯನ್ನು ಆಟ ಲೆಕ್ಕಕ್ಕೇ ತೆಗೆದುಕೊಳ್ಳದ ವಲಯ.

ಮೊದಲು ಅಳೆಯಿರಿ. ಬ್ರೌಸರ್‌ನಲ್ಲಿ ತೆರೆಯುವ ಯಾವುದಾದರೂ ಗೇಮ್‌ಪ್ಯಾಡ್ ಪರೀಕ್ಷಾ ಪುಟ ಸಾಕು. ಅಲ್ಲಿ ಸ್ಟಿಕ್‌ನ ನಡುಬಿಂದು 0, ಅಂಚು 1. ಬಲಗಡೆಯ ಸ್ಟಿಕ್ಕನ್ನು ನಾಲ್ಕೂ ದಿಕ್ಕಿಗೆ ಒತ್ತಿ ಬಿಡಿ. ಪಟಕ್ಕನೆ ಬಿಟ್ಟು ನೋಡಿ, ಹೆಬ್ಬೆರಳನ್ನು ಮೆಲ್ಲಗೆ ಹಿಂದೆ ತಂದೂ ನೋಡಿ. ಸ್ಪ್ರಿಂಗ್ ಪ್ರತಿ ಸಲವೂ ಒಂದೇ ಕಡೆ ತಂದು ನಿಲ್ಲಿಸುವುದಿಲ್ಲ. ಕೈಬಿಟ್ಟ ಮೇಲೆ ಉಳಿಯುವ ಅಂಕಿಗಳಲ್ಲಿ ದೊಡ್ಡದು 0.08 ಎಂದಿಟ್ಟುಕೊಳ್ಳಿ. ಹಾಗಾದರೆ ಡೆಡ್ ಝೋನ್ 0.10 ಇಟ್ಟರೆ ಸಾಕು.

ಆಟಗಳು ತಾವಾಗಿ ಇಟ್ಟುಕೊಂಡಿರುವ ಡೆಡ್ ಝೋನ್ ಇದಕ್ಕಿಂತ ದೊಡ್ಡದಿರಬಹುದು. ವಿಂಡೋಸ್‌ನ XInput ವ್ಯವಸ್ಥೆಯಲ್ಲಿ ಬಲ ಸ್ಟಿಕ್‌ಗೆ ಮೈಕ್ರೋಸಾಫ್ಟ್ ಸೂಚಿಸಿದ ಮೌಲ್ಯ 32767ಕ್ಕೆ 8689, ಅಂದರೆ ಕಾಲು ಭಾಗಕ್ಕಿಂತಲೂ ಹೆಚ್ಚು. ಸವೆದ ಪ್ಯಾಡ್‌ನಲ್ಲೂ ಗುರಿ ತಾನಾಗಿ ಜಾರದಿರಲಿ ಎಂಬ ಮುನ್ನೆಚ್ಚರಿಕೆ ಇದು. ಸ್ಟಿಕ್ ಚೆನ್ನಾಗಿರುವವರಿಗೆ ಮಾತ್ರ ಅಷ್ಟೂ ಚಲನೆ ದಂಡ.

ಗಡಿ ದಾಟಿದಾಗ ಏನಾಗುತ್ತದೆ ನೋಡಿ. ಆಟದಲ್ಲಿ ಗರಿಷ್ಠ ತಿರುಗುವ ವೇಗ ಸೆಕೆಂಡಿಗೆ 240 ಡಿಗ್ರಿ, ಡೆಡ್ ಝೋನ್ 0.25 ಇದೆ ಎನ್ನೋಣ. ಗಡಿಯೊಳಗೆ ಸೊನ್ನೆ, ಗಡಿ ದಾಟಿದೊಡನೆ ಸ್ಟಿಕ್‌ನ ಅಂಕಿ ಇದ್ದಹಾಗೇ ಬಳಕೆ ಎಂದು ಆಟ ಬರೆದಿದ್ದರೆ, ನಿಮಗೆ ಸಿಗುವ ಅತಿ ಕಡಿಮೆ ವೇಗವೇ 60 ಡಿಗ್ರಿ! ಅದಕ್ಕಿಂತ ನಿಧಾನವಾಗಿ ಗುರಿ ಸರಿಸಲು ದಾರಿಯೇ ಇಲ್ಲ. ಸರಿಯಾಗಿ ಬರೆದ ಆಟ ಗಡಿಯಿಂದಲೇ ಸೊನ್ನೆಯ ಎಣಿಕೆ ಶುರುಮಾಡುತ್ತದೆ:

```
x = (r - d) / (1 - d)
```

ಇಲ್ಲಿ r ಸ್ಟಿಕ್‌ನ ಅಂಕಿ, d ಡೆಡ್ ಝೋನ್. ನಿಮ್ಮ ಆಟ ಯಾವ ಜಾತಿಯದು ಎಂದು ತಿಳಿಯಲು ಅಭ್ಯಾಸದ ಮೈದಾನದಲ್ಲಿ ಗೋಡೆಯ ಮೇಲಿನ ಒಂದು ಗುರುತಿಗೆ ಗುರಿಯಿಟ್ಟು ಸ್ಟಿಕ್ಕನ್ನು ಆದಷ್ಟು ನಿಧಾನವಾಗಿ ಒತ್ತಿ. ದೃಶ್ಯ ತೆವಳುತ್ತಾ ಹೊರಟರೆ ಸರಿ. ಜರ್ಕ್ ಹೊಡೆದು ಹೊರಟರೆ, ಬೇರೆ ಉಪಾಯವಿಲ್ಲ, ಡೆಡ್ ಝೋನ್ ಆದಷ್ಟು ಕಿರಿದು ಮಾಡಿ. ಓರೆಯಾಗಿ ಒತ್ತಿದಾಗ ಗುರಿ ಮೊದಲು ಅಡ್ಡಕ್ಕೇ ಅಂಟಿಕೊಂಡು ಆಮೇಲೆ ಮೇಲೇರಿದರೆ, ಆ ಆಟ ಅಡ್ಡ ಮತ್ತು ಉದ್ದಕ್ಕೆ ಬೇರೆ ಬೇರೆ ಡೆಡ್ ಝೋನ್ ಹಾಕುತ್ತಿದೆ ಎಂದು ಅರ್ಥ.

ಸ್ಟೀಮ್ ಮೂಲಕ ಆಡುವವರು ಇನ್ನೊಂದನ್ನು ನೋಡಬೇಕು. ಅಲ್ಲೊಂದು, ಆಟದೊಳಗೊಂದು ಎಂದು ಎರಡು ಡೆಡ್ ಝೋನ್ ಒಂದರ ಮೇಲೊಂದು ಕೂತಿರಬಹುದು. ಒಂದನ್ನು ಸೊನ್ನೆ ಮಾಡಿ.

ಈಗ ರೆಸ್ಪಾನ್ಸ್ ಕರ್ವ್. ಸ್ಟಿಕ್ ಎಷ್ಟು ಬಾಗಿದರೆ ವೇಗ ಎಷ್ಟು ಎಂಬ ಲೆಕ್ಕವೇ ಇದು. ಡೆಡ್ ಝೋನ್ 0.10 ಇರುವಾಗ ಸ್ಟಿಕ್ಕನ್ನು 0.28ಕ್ಕೆ ತಂದರೆ ಮೇಲಿನ ಸೂತ್ರದಂತೆ x 0.20 ಆಗುತ್ತದೆ. ಲೀನಿಯರ್ ಆಯ್ದರೆ ವೇಗ 48 ಡಿಗ್ರಿ. ವರ್ಗದ ಕರ್ವ್‌ನಲ್ಲಿ 0.20ರ ವರ್ಗ 0.04, ಹಾಗಾಗಿ ವೇಗ ಬರೀ 9.6 ಡಿಗ್ರಿ. ಹೆಬ್ಬೆರಳು ಅದೇ ಜಾಗದಲ್ಲಿದೆ, ವೇಗ ಮಾತ್ರ ಐದನೇ ಒಂದು ಭಾಗ. ಪೂರ್ತಿ ಒತ್ತಿದರೆ ಎರಡರಲ್ಲೂ 240.

ಸೂಕ್ಷ್ಮ ಗುರಿಗೆ ವರ್ಗದ ಕರ್ವ್ ವರದಾನವೇ. ಆದರೆ ನಡುವಿನಲ್ಲಿ ಉಳಿಸಿದ್ದನ್ನು ಅದು ಅಂಚಿನಲ್ಲಿ ವಸೂಲಿ ಮಾಡುತ್ತದೆ: x 0.9ರಿಂದ 1ಕ್ಕೆ ಹೋದಾಗ ಲೀನಿಯರ್‌ನಲ್ಲಿ ವೇಗ 24 ಡಿಗ್ರಿ ಏರಿದರೆ ಇಲ್ಲಿ ಸುಮಾರು 46 ಏರುತ್ತದೆ. ಅಡ್ಡಾದಿಡ್ಡಿ ಓಡುವವನನ್ನು ಹಿಂಬಾಲಿಸುವಾಗ ಕೈ ತಪ್ಪುವುದು ಇದರಿಂದಲೇ. ಕಾಲ್ ಆಫ್ ಡ್ಯೂಟಿಯಲ್ಲಿ ಸ್ಟ್ಯಾಂಡರ್ಡ್ ಎಂದರೆ ಇಂಥ ಘಾತದ ಕರ್ವ್, ಡೈನಮಿಕ್ ಎಂದರೆ ತಿರುಗಿಸಿಟ್ಟ ಎಸ್ ಆಕಾರ. ಡೈನಮಿಕ್ ಆರಂಭದಲ್ಲೇ ಚುರುಕು, ನಡುವೆ ಮಂದ. ಹತ್ತಿರದ ಕಾದಾಟ ಹೆಚ್ಚಿರುವವರು ಇದನ್ನೇ ಮೊದಲು ಪರೀಕ್ಷಿಸಲಿ ಎನ್ನುವುದು ನನ್ನ ಮತ. ದೂರದಿಂದ ಹೊಡೆಯುವವರಿಗೆ ಸ್ಟ್ಯಾಂಡರ್ಡ್ ಲೇಸು.

ಸೆನ್ಸಿಟಿವಿಟಿ ಕೊನೆಗೆ. ಕರ್ವ್ ಬದಲಿಸಿದ ದಿನವೇ ಅದನ್ನೂ ತಿರುವಿದರೆ ಯಾವುದು ಯಾವುದರ ಫಲ ಎಂದು ಗೊತ್ತಾಗುವುದಿಲ್ಲ.

ತಿಂಗಳುಗಳು ಕಳೆದ ಮೇಲೆ ಗುರಿ ತಾನಾಗಿ ಜಾರತೊಡಗಿದರೆ ಮತ್ತೆ ಅಳೆಯಿರಿ. ಒಳಗಿರುವುದು ಪೊಟೆನ್ಶಿಯೋಮೀಟರ್ ಆದರೆ ಉಜ್ಜಿ ಉಜ್ಜಿ ಸವೆಯುತ್ತದೆ. ಕೈಬಿಟ್ಟಾಗ ಉಳಿಯುವ ಅಂಕಿ 0.20 ದಾಟಿದರೆ ಡೆಡ್ ಝೋನ್ ಹಿಗ್ಗಿಸುತ್ತಾ ಹೋಗುವುದಕ್ಕಿಂತ ಸ್ಟಿಕ್ ಮಾಡ್ಯೂಲನ್ನೇ ಬದಲಿಸುವುದು ಮೇಲು. ಆಯಸ್ಕಾಂತದಿಂದ ಸ್ಥಾನ ಗುರುತಿಸುವ ಹಾಲ್ ಎಫೆಕ್ಟ್ ಸ್ಟಿಕ್‌ಗಳಿಗೆ ಈ ಉಜ್ಜಾಟವಿಲ್ಲ. ಆದರೂ ಅವುಗಳಲ್ಲಿರುವುದೂ ಸ್ಪ್ರಿಂಗೇ ಆದ್ದರಿಂದ ಅಲ್ಲಿಯೂ ಡೆಡ್ ಝೋನ್ ಪೂರ್ತಿ ಸೊನ್ನೆ ಮಾಡುವ ಮೊದಲು ಒಮ್ಮೆ ಅಳೆದು ನೋಡಿ.