ಚೂಪು ತ್ರಿಕೋನದ ಹೊಲ, ಅರ್ಧ ಅಡಿಯ ತಪ್ಪು

ಹುಬ್ಬಳ್ಳಿ ಸುತ್ತಮುತ್ತ ಖಾಸಗಿಯಾಗಿ ಜಾಗ ಅಳೆದುಕೊಡುವುದು ನನ್ನ ಕೆಲಸ. ಸುರುವಿನ ವರ್ಷಗಳಲ್ಲಿ ಗದಗ ರಸ್ತೆಯ ಕಡೆ ಇಬ್ಬರು ಅಣ್ಣತಮ್ಮಂದಿರ ನಡುವಿನ ಒಂದು ಚೂರು ಜಾಗ ಅಳೆಯಲು ಹೋಗಿದ್ದೆ. ಬದುವಿಗೂ ದಾರಿಗೂ ನಡುವೆ ಉಳಿದ, ಸೂಜಿಯಂಥ ಉದ್ದನೆಯ ತ್ರಿಕೋನ. ಒಬ್ಬರು ಕೊಡುವವರು, ಇನ್ನೊಬ್ಬರು ಕೊಳ್ಳುವವರು. ಚದರ ಅಡಿಗೆ 900 ರೂಪಾಯಿ ಅಂತ ಮಾತಾಗಿತ್ತು.

ಟೇಪು ಹಿಡಿದು ಮೂರೂ ಬದಿ ಅಳೆದೆ: 62.63, 58.99, 4.12 ಮೀಟರ್. ಮನೆಯವರು ಅಡಿ ಲೆಕ್ಕದವರು. ಅವರಿಗೆ ಅನುಕೂಲ ಅಂತ ಅಲ್ಲೇ ನಿಂತು ಅಡಿಗೆ ತಿರುಗಿಸಿದೆ. 205.48, 193.54, 13.52 ಬಂತು. ಇಷ್ಟು ಉದ್ದದ ಬದಿಯಲ್ಲಿ ಅರ್ಧ ಅಡಿ ಏನು ಮಹಾ ಅಂತ ನೋಟ್‌ಬುಕ್ಕಿನಲ್ಲಿ 205, 194, 14 ಎಂದು ಬರೆದುಕೊಂಡೆ. ಮೂರು ಬದಿ ಗೊತ್ತಿದ್ದರೆ ವಿಸ್ತೀರ್ಣ ಸಿಗುವ ಹೆರಾನ್ ಸೂತ್ರ ಹಾಕಿದೆ: √(s(s−a)(s−b)(s−c)). a, b, c ಅಂದರೆ ಉದ್ದನೆಯದರಿಂದ ಶುರುಮಾಡಿ ಮೂರು ಬದಿ, s ಅಂದರೆ ಅವುಗಳ ಮೊತ್ತದ ಅರ್ಧ. ಉತ್ತರ 863 ಚದರ ಅಡಿ. 33 ಅಡಿ ಚೌಕ, ಅಂದರೆ 1089 ಚದರ ಅಡಿಗೆ ಒಂದು ಗುಂಟೆ, ಗುಂಟೆಗೆ 16 ಆಣೆ. ಹಾಗಾಗಿ ಹನ್ನೆರಡೂವರೆ ಆಣೆಗಿಂತ ಸ್ವಲ್ಪ ಮೇಲೆ ಅಂತ ಹೇಳಿಬಿಟ್ಟೆ.

ಕೊಳ್ಳುವ ಕಾಕಾ ಒಪ್ಪಲಿಲ್ಲ. ಕೈಯಲ್ಲಿದ್ದ ಕೋಲನ್ನು ಅಡ್ಡ ಇಟ್ಟು ನೋಡಿ, "ತಮ್ಮಾ, ಅಗಲ ಇರೋ ಕಡೀನೂ ಆರ ಅಡಿ ಮ್ಯಾಲ ಏನ್ ಇಲ್ಲ. ಎರಡನೂರಾ ಐದು ಗುಣಿಸು ಆರು, ಅದರ ಅರ್ಧ. ಆರನೂರಾ ಹದಿನೈದು ಆಕ್ಕೈತಿ. ಎಂಟನೂರು ಎಲ್ಲಿಂದ ಬಂತೋ?" ಅಂದರು. ನನಗೆ ಮಾತೇ ಹೊರಡಲಿಲ್ಲ. ಸೂತ್ರ ಸರಿಯಿತ್ತು, ಕ್ಯಾಲ್ಕುಲೇಟರೂ ಸರಿಯಿತ್ತು.

ರಾತ್ರಿ ಕೂತು ಮೀಟರಿನಲ್ಲೇ ಮತ್ತೆ ಮಾಡಿದೆ. s = 62.87. ಅದರಿಂದ ಮೂರೂ ಬದಿ ಕಳೆದರೆ 0.24, 3.88, 58.75. ವಿಸ್ತೀರ್ಣ 58.647 ಚದರ ಮೀಟರ್, ಅಂದರೆ 631 ಚದರ ಅಡಿ. ನಾನು ಹೇಳಿದ್ದಕ್ಕಿಂತ 232 ಕಡಿಮೆ. ರೂಪಾಯಿಯಲ್ಲಿ ಎರಡು ಲಕ್ಷಕ್ಕೂ ಮೇಲೆ.

ಎಡವಿದ್ದು ಆ 0.24ರ ಹತ್ತಿರ. ಉದ್ದನೆಯ ಬದಿ, ಉಳಿದೆರಡರ ಮೊತ್ತಕ್ಕಿಂತ ಬರೀ 48 ಸೆಂಟಿಮೀಟರ್ ಕಡಿಮೆ. ಅದರ ಅರ್ಧವೇ s−a. ಅಡಿಯಲ್ಲಿ ಅದು 0.79 ಆಗಬೇಕಿತ್ತು. ನನ್ನ ನೋಟ್‌ಬುಕ್ಕಿನ ಅಂಕಿಗಳಲ್ಲಿ 1.5 ಆಗಿ ಕೂತಿತ್ತು. ದೊಡ್ಡ ಬದಿಯನ್ನು ಕೆಳಕ್ಕೆ, ಚಿಕ್ಕವೆರಡನ್ನು ಮೇಲಕ್ಕೆ ದುಂಡಾಗಿಸಿದ್ದೆ. ಮೂರೂ ತಪ್ಪು ಒಂದೇ ಕಡೆ ವಾಲಿದವು. 205ರಲ್ಲಿ ಅರ್ಧ ಅಡಿ ಏನೂ ಅಲ್ಲ, ಆದರೆ ಕಳೆದು ಉಳಿಯುವ 0.79ರಲ್ಲಿ ಅದು ಬಹುಪಾಲು. ಗುಣಾಕಾರ ಭಾಗಾಕಾರದಲ್ಲಿ ಹೀಗೆ ಆಗುವುದಿಲ್ಲ. ಹತ್ತಿರ ಹತ್ತಿರದ ಎರಡು ಸಂಖ್ಯೆ ಕಳೆಯುವಾಗ ಮುಂದಿನ ಅಂಕಿಗಳು ಹೊಡೆದುಹೋಗಿ, ನಾವು ಬೇಡವೆಂದು ಬಿಟ್ಟ ಬಾಲದ ಅಂಕಿಗಳೇ ಉತ್ತರವಾಗಿ ನಿಲ್ಲುತ್ತವೆ.

ಅಂದಿನಿಂದ ಅಳೆದ ಮಾನದಲ್ಲೇ ಕೊನೆಯವರೆಗೂ ಲೆಕ್ಕ ನಡೆಸುತ್ತೇನೆ, ನಡುವಿನ ಸಂಖ್ಯೆಗಳನ್ನು ಕಾಗದಕ್ಕೆ ಇಳಿಸದೆ ಕ್ಯಾಲ್ಕುಲೇಟರಿನ ಮೆಮೊರಿಯಲ್ಲೇ ಇಡುತ್ತೇನೆ. ಚದರ ಮೀಟರನ್ನು ಚದರ ಅಡಿಗೆ ತಿರುಗಿಸುವುದು ಒಂದೇ ಸಲ, ಕಟ್ಟಕಡೆಗೆ, 10.7639ರಿಂದ ಗುಣಿಸಿ. ಮೀಟರಿಗೆ 3.3 ಅಡಿ ಅಂತ ಹಿಡಿಯುವವರನ್ನು ನೋಡಿದ್ದೇನೆ. ಉದ್ದದಲ್ಲಿ ನೂರಕ್ಕೆ 0.6ರಷ್ಟು ತಪ್ಪು, ವಿಸ್ತೀರ್ಣಕ್ಕೆ ವರ್ಗ ಮಾಡಿದಾಗ ಅದು ಇಮ್ಮಡಿ. ನಮ್ಮ 631 ಆಗ 639 ಆಗುತ್ತದೆ. ಅಡಿಗೆ 0.3048 ಮೀಟರ್, ಗುಂಟೆಗೆ 1089 ಚದರ ಅಡಿ ಎಂಬುವು ಮಾತ್ರ ವ್ಯಾಖ್ಯೆಯಿಂದಲೇ ನಿಖರ. ಎಷ್ಟು ಅಂಕಿ ನಂಬಬಹುದು ಎಂದು ತೀರ್ಮಾನಿಸುವುದು ಟೇಪು, ಅವಲ್ಲ.

ಹಾಗಂತ ಕ್ಯಾಲ್ಕುಲೇಟರು ತೋರಿಸುವ 631.27ನ್ನೂ ಹಾಗೆಯೇ ಬರೆಯಲು ಬರುವುದಿಲ್ಲ. ಬದಿಗಳಿಗೆ ನಾಲ್ಕಂಕಿ ಇದ್ದರೂ 0.24ಕ್ಕೆ ಎರಡೇ. ಉದ್ದನೆಯ ಬದಿ ಒಂದು ಸೆಂಟಿಮೀಟರ್ ಹೆಚ್ಚು ಓದಿದ್ದರೆ ಉತ್ತರ ಆರು ಚದರ ಅಡಿ ಇಳಿಯುತ್ತದೆ. ಟೇಪು ಸ್ವಲ್ಪ ಜೋತುಬಿದ್ದರೂ ಸಾಕು, ಅಷ್ಟಾಗುತ್ತದೆ. ದುಂಡಾಗಿಸದೆ ಇಟ್ಟರೆ ಲೆಕ್ಕದ ತಪ್ಪು ತಪ್ಪೀತು, ಅಳತೆಯದು ಹೋಗದು. ಇಂಥ ಚೂಪು ಜಾಗಕ್ಕೆ ಮೂರು ಬದಿ ಹಿಡಿಯುವ ಪದ್ಧತಿಯೇ ಒಗ್ಗುವುದಿಲ್ಲ.

ಮರುದಿನ ಹೋಗಿ ಕಾಕಾ ಮಾಡಿದ್ದನ್ನೇ ಟೇಪಿನಲ್ಲಿ ಮಾಡಿದೆ. ಉದ್ದನೆಯ ಬದಿಯ ಮೇಲೆ ದಾರ ಬಿಗಿದು, ಎದುರಿನ ಮೂಲೆಗೆ ಟೇಪಿನ ತುದಿ ಹಿಡಿಸಿ, ದಾರದ ಗುಂಟ ಟೇಪನ್ನು ಅತ್ತಿತ್ತ ಆಡಿಸಿದೆ. ಅತಿ ಕಡಿಮೆ ಓದುವ ಜಾಗವೇ ಲಂಬ. 1.87 ಮೀಟರ್ ಬಂತು. 62.63 ಗುಣಿಸು 1.87ರ ಅರ್ಧ, 58.56 ಚದರ ಮೀಟರ್, 630 ಚದರ ಅಡಿ. ಇಲ್ಲಿ ಲಂಬದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಸುಮಾರು ಮೂರೂವರೆ ಚದರ ಅಡಿಯಷ್ಟೇ ವ್ಯತ್ಯಾಸ, ಕಳೆಯುವ ಗೊಡವೆಯೂ ಇಲ್ಲ.

ಕಾಗದದಲ್ಲಿ 630 ಚದರ ಅಡಿ, ಒಂಬತ್ತೂಕಾಲು ಆಣೆ ಎಂದು ಬರೆದುಕೊಟ್ಟೆ. ಕಾಕಾ ಓದಿ, "ನನ್ನ ಕೋಲಿಗಿಂತ ಹದಿನೈದು ಅಡಿ ಜಾಸ್ತಿ ಆತಲ್ಲೋ" ಅಂದರು. ನಿಮ್ಮ ಆರು ಅಡಿ ಖರೇ ಅಂದ್ರ ಆರು ಅಡಿ ಎರಡು ಇಂಚು ಐತ್ರೀ ಅಂದೆ.