ಬುಗುರಿಗೆ ಎಷ್ಟು ಅರಗು, ಎಷ್ಟು ಮರ: ನನ್ನ ಅನುಭವ

ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕುಳಿತು ಇಪ್ಪತ್ತು ವರ್ಷ ದಾಟಿದೆ. ಕಳೆದ ದೀಪಾವಳಿಗೆ ಮುಂಚೆ 3000 ಬುಗುರಿಗಳ ಆರ್ಡರು ಬಂದಾಗ ನಾನು ಎರಡೂಕಾಲು ಕಿಲೋ ಬಣ್ಣದ ಅರಗನ್ನು ಮಾತ್ರ ತರಿಸಿದೆ. ಕೊನೆಯ ಬುಗುರಿಗೆ ಕೇದಿಗೆ ಗರಿ ಉಜ್ಜಿ ಹೊಳಪು ಕೊಟ್ಟಾಗ ಡಬ್ಬಿಯಲ್ಲಿ ಸುಮಾರು 150 ಗ್ರಾಂ ಉಳಿದಿತ್ತು. ಅರಗು ಕಣ್ಣಳತೆಯ ಕೆಲಸ, ಕಾಗದದ ಲೆಕ್ಕಕ್ಕೆ ಅದು ಸಿಗುವುದಿಲ್ಲ ಎಂದು ಹೇಳುತ್ತಿದ್ದ ಹಿರಿಯ ಕುಶಲಕರ್ಮಿಗಳೇ ಬಂದು ಆ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದರು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕ ಒಂದೇ ಸಲಕ್ಕೆ ಕೈಗೆ ಬರಲಿಲ್ಲ. ನಮ್ಮ ಸಾಮಾನ್ಯ ಬುಗುರಿಯ ಮೇಲ್ಭಾಗ ಅರ್ಧಗೋಳ, ಕೆಳಭಾಗ ಶಂಕು. ಮೊದಲ ಸಲ 2000 ಬುಗುರಿಗಳಿಗೆ ಲೆಕ್ಕ ಹಾಕುವಾಗ ಹತ್ತನೆಯ ತರಗತಿಯಲ್ಲಿ ಕಲಿತ ಎರಡು ಸೂತ್ರಗಳನ್ನು, ಅಂದರೆ ಅರ್ಧಗೋಳದ ಪೂರ್ಣ ಮೇಲ್ಮೈ ಮತ್ತು ಶಂಕುವಿನ ಪೂರ್ಣ ಮೇಲ್ಮೈಯನ್ನು, ಹಾಗೆಯೇ ಕೂಡಿಸಿಬಿಟ್ಟೆ. ಅರಗು ಮುಕ್ಕಾಲು ಕಿಲೋದಷ್ಟು ಮಿಕ್ಕಿತು. ಅದು ಗಿರಾಕಿ ಹೇಳಿ ಮಾಡಿಸಿದ್ದ ಮಾಸಲು ನೇರಳೆ ಬಣ್ಣ, ಬೇರೆ ಯಾರೂ ಕೇಳಲಿಲ್ಲ. ಏಳೆಂಟು ನೂರು ರೂಪಾಯಿ ಎರಡು ವರ್ಷ ಕಪಾಟಿನಲ್ಲಿ ಕುಳಿತಿತ್ತು.

ತಪ್ಪು ಎಲ್ಲಿದೆ ಎಂಬುದು ಒಂದು ಬುಗುರಿಯನ್ನು ಗರಗಸದಿಂದ ನಡುವೆ ಕೊಯ್ದಾಗ ಕಣ್ಣಿಗೆ ಕಂಡಿತು. ಅರ್ಧಗೋಳವೂ ಶಂಕುವೂ ಸೇರುವ ಜಾಗದಲ್ಲಿ ಒಂದು ವೃತ್ತವಿದೆ. ಅದು ಮರದ ಒಳಗಿರುವುದರಿಂದ ಅರಗಿನ ಕಡ್ಡಿ ಅದನ್ನು ಮುಟ್ಟುವುದೇ ಇಲ್ಲ. ನಾನು ಅದನ್ನು ಒಮ್ಮೆ ಅರ್ಧಗೋಳದ ತಳವೆಂದು, ಇನ್ನೊಮ್ಮೆ ಶಂಕುವಿನ ತಳವೆಂದು ಎರಡು ಸಲ ಎಣಿಸಿದ್ದೆ.

ನನ್ನ ಬುಗುರಿಯ ತ್ರಿಜ್ಯ 2.1 ಸೆಂ.ಮೀ., ಒಟ್ಟು ಎತ್ತರ 4.9 ಸೆಂ.ಮೀ. ಇಲ್ಲಿ ಇನ್ನೊಂದು ಎಡವಟ್ಟಿಗೆ ಅವಕಾಶವಿದೆ. ಒಟ್ಟು ಎತ್ತರವನ್ನೇ ಶಂಕುವಿನ ಎತ್ತರವೆಂದು ಹಿಡಿಯಬಾರದು. ಅರ್ಧಗೋಳದ ಎತ್ತರ ಅದರ ತ್ರಿಜ್ಯದಷ್ಟೇ ಇರುವುದರಿಂದ 4.9ರಲ್ಲಿ 2.1 ಕಳೆದರೆ ಶಂಕುವಿಗೆ ಉಳಿಯುವುದು 2.8. ಅದರ ಓರೆ ಎತ್ತರ ಸರಿಯಾಗಿ 3.5 ಆಗುತ್ತದೆ. ಈ ಅಳತೆಯನ್ನು ನಾನು ಆರಿಸಿಕೊಂಡದ್ದೇ ವರ್ಗಮೂಲದ ತಾಪತ್ರಯ ಬೇಡವೆಂದು.

```
ಅರ್ಧಗೋಳದ ವಕ್ರ ಮೇಲ್ಮೈ  2πr² = 27.72
ಶಂಕುವಿನ ವಕ್ರ ಮೇಲ್ಮೈ     πrl = 23.10
ಒಟ್ಟು                        = 50.82 ಚ.ಸೆಂ.ಮೀ.
```

ಒಳಗಿನ ವೃತ್ತದ ವಿಸ್ತೀರ್ಣ 13.86. ಅದನ್ನು ಎರಡು ಸಲ ಸೇರಿಸಿದ್ದರಿಂದ ನನ್ನ ಹಳೆಯ ಲೆಕ್ಕದಲ್ಲಿ 78.54 ಬಂದಿತ್ತು, ಅಂದರೆ ಬೇಕಾದದ್ದರ ಒಂದೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು.

ವಿಸ್ತೀರ್ಣದಿಂದ ಅರಗಿನ ತೂಕಕ್ಕೆ ಹೋಗಲು 50 ಬುಗುರಿಗಳನ್ನು ಬಣ್ಣಕ್ಕೆ ಮೊದಲು ಮತ್ತು ನಂತರ ಒಟ್ಟಿಗೆ ತೂಗಿದೆ. ಒಂದಕ್ಕೆ ಅರ್ಧ ಗ್ರಾಂಗಿಂತ ತುಸು ಹೆಚ್ಚು ಅರಗು ಅಂಟಿತ್ತು, ಆದರೆ ಕಡ್ಡಿಯಿಂದ ಹೋದದ್ದು 0.7 ಗ್ರಾಂ. ಸಿಡಿದದ್ದು, ಗರಿಗೆ ಹತ್ತಿದ್ದು, ಹಿಡಿಯಲಾಗದ ತುಂಡು ಎಲ್ಲವೂ ಆ ವ್ಯತ್ಯಾಸದಲ್ಲಿವೆ. 3000ಕ್ಕೆ ಎರಡು ಕಿಲೋ ನೂರು ಗ್ರಾಂ ಎಂಬ ಅಂದಾಜು ಹೀಗೆ ಬಂದದ್ದು. ನಷ್ಟವನ್ನು ಇಷ್ಟಕ್ಕೆ ಇಳಿಸಲು ಕಡ್ಡಿಯನ್ನು ಹೇಗೆ ಹಿಡಿಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಮರದ ಲೆಕ್ಕದಲ್ಲಿ ಈ ವೃತ್ತದ ತಂಟೆ ಇಲ್ಲ, ಎರಡು ಘನಫಲಗಳನ್ನು ನೇರವಾಗಿ ಕೂಡಬಹುದು. ಅರ್ಧಗೋಳಕ್ಕೆ 19.4, ಶಂಕುವಿಗೆ 12.9, ಒಟ್ಟು 32.3 ಘನ ಸೆಂ.ಮೀ. ಇದನ್ನು ಪರೀಕ್ಷಿಸಲು ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ತೂಕವನ್ನು ಸೊನ್ನೆಗೆ ತಂದು, ಬಣ್ಣವಾದ ಬುಗುರಿಯನ್ನು ಸೂಜಿಯ ತುದಿಯಿಂದ ಲೋಟಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದೆ. ಆಗ ತಕ್ಕಡಿ ತೋರಿಸುವ ಗ್ರಾಂಗಳೇ ಬುಗುರಿಯ ಘನ ಸೆಂ.ಮೀ. ಬರಿಯ ಮರ ನೀರು ಕುಡಿಯುವುದರಿಂದ ಅರಗು ಹಚ್ಚದ ಬುಗುರಿಗೆ ಈ ಪರೀಕ್ಷೆ ಬೇಡ. ಅರಗಿನ ಪದರವೂ ಸೇರಿ 33ರ ಒಳಗೆ ಬರಬೇಕಿತ್ತು, 35ರ ಹತ್ತಿರ ಬಂತು. ಲೆಕ್ಕವೇ ತಪ್ಪೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ವರ್ನಿಯರ್ ಹಿಡಿದರೆ ಸೊಂಟದ ತ್ರಿಜ್ಯ 2.15 ಇತ್ತು. ಅರ್ಧ ಮಿಲಿಮೀಟರ್ ದಪ್ಪವಾದರೆ ಎರಡು ಘನ ಸೆಂ.ಮೀ.ಗೂ ಹೆಚ್ಚು ಮರ ಉಳಿದುಬಿಡುತ್ತದೆ. ಮೊಳೆ ಹೊಡೆಯಲು ತುದಿಯನ್ನು ನಾಲ್ಕು ಮಿಲಿಮೀಟರ್ ಕತ್ತರಿಸುವುದೇ ಕಾರಣವಿರಬಹುದು ಎಂದು ಮೊದಲು ಅನುಮಾನಿಸಿದ್ದೆ. ಆದರೆ ಅದರಿಂದ ಘನಫಲ ಕಡಿಮೆಯಾಗಬೇಕೇ ಹೊರತು ಹೆಚ್ಚಾಗದು, ಅದೂ 0.04 ಘನ ಸೆಂ.ಮೀ.ನಷ್ಟು ಮಾತ್ರ. ಈಗ ಸೊಂಟವನ್ನು ಪ್ರತಿ ಹತ್ತು ಬುಗುರಿಗೊಮ್ಮೆ ಅಳೆಯುತ್ತೇನೆ, ತುದಿಯನ್ನು ಅಳೆಯುವುದಿಲ್ಲ.

ನಡುವೆ ಎರಡು ತುಂಡಿನ ಬುಗುರಿಯನ್ನೂ ಮಾಡಿ ನೋಡಿದೆ. ಮೇಲಿನದು ಆಲೆ ಮರ, ಕೆಳಗಿನದು ಮನೆಯಲ್ಲಿ ಬಿದ್ದಿದ್ದ ತೇಗದ ತುಂಡು. ಬಿಡಿಬಿಡಿಯಾಗಿ ಬಣ್ಣ ಹಾಕಿದರೆ ಸುಲಭವೆಂದುಕೊಂಡು ತಳಕ್ಕೂ ಅರಗು ಸವರಿದ್ದೆ. ಅಂಟು ಅರಗಿನ ಮೇಲೆ ನಿಲ್ಲಲಿಲ್ಲ, ಹನ್ನೆರಡರಲ್ಲಿ ಒಂಬತ್ತು ಬುಗುರಿಗಳು ದಾರ ಎಳೆದ ಒಂದೆರಡು ಸಲಕ್ಕೇ ಸೊಂಟದಲ್ಲಿ ಬಿಟ್ಟುಕೊಂಡವು. ಆ 13.86 ಚದರ ಸೆಂ.ಮೀ. ವೃತ್ತ ಅರಗಿನ ಲೆಕ್ಕದಿಂದ ಹೊರಗಿದ್ದರೂ ಅಂಟಿನ ಲೆಕ್ಕಕ್ಕೆ ಬರುತ್ತದೆ, ಅದು ಬರಿಯ ಮರವಾಗಿಯೇ ಇರಬೇಕು. ಇನ್ನೊಂದು ಸಲ ಶಂಕುವಿನ ತಳವನ್ನು ಬೇಕೆಂದೇ ಚಿಕ್ಕದಾಗಿ, 1.7 ತ್ರಿಜ್ಯಕ್ಕೆ ಕಡೆದೆ. ಆಗ ಸೊಂಟದ ಕೆಳಗೆ ಒಂದು ಉಂಗುರದಷ್ಟು ಚಪ್ಪಟೆ ಜಾಗ ಹೊರಗೆ ಕಾಣುತ್ತದೆ. ದೊಡ್ಡ ವೃತ್ತದಲ್ಲಿ ಚಿಕ್ಕ ವೃತ್ತವನ್ನು ಕಳೆದು ಬರುವ ಸುಮಾರು 4.8 ಚದರ ಸೆಂ.ಮೀ.ಯನ್ನು ಮೇಲ್ಮೈಗೆ ಸೇರಿಸಲೇಬೇಕು. ಅಲ್ಲಿನ ಮೂಲೆಯಲ್ಲಿ ಅರಗು ತುಂಬಿಕೊಳ್ಳುವುದರಿಂದ ಖರ್ಚು ಲೆಕ್ಕಕ್ಕಿಂತ ಹೆಚ್ಚೇ ಬಂತು, ಆ ಮಾದರಿಯನ್ನು ಬಿಟ್ಟೆ.

ನಿಜವಾದ ಪೆಟ್ಟು ಬಿದ್ದದ್ದು ದೊಡ್ಡ ಬುಗುರಿಯಲ್ಲಿ. ನೇರಳೆ ಬಣ್ಣದ ಮಾರನೆಯ ವರ್ಷ ಒಬ್ಬ ವ್ಯಾಪಾರಿ ಇದೇ ಬುಗುರಿಯನ್ನು ಎಲ್ಲ ಅಳತೆಯಲ್ಲೂ ಒಂದೂವರೆ ಪಟ್ಟು ಮಾಡಿ 1000 ಕೊಡಿ ಎಂದರು. ಚಿಕ್ಕದಕ್ಕೆ 18 ರೂಪಾಯಿ, ಇದಕ್ಕೆ 27 ಎಂದು ಒಪ್ಪಿಕೊಂಡೆ. ಮೇಲ್ಮೈ ಎರಡೂಕಾಲು ಪಟ್ಟಾಗಿ 114 ಚದರ ಸೆಂ.ಮೀ. ದಾಟುತ್ತದೆ, ಘನಫಲ ಮೂರು ಪಟ್ಟಿಗೂ ಮಿಕ್ಕಿ 109 ಘನ ಸೆಂ.ಮೀ. ಆಗುತ್ತದೆ. ಚಿಕ್ಕ ಬುಗುರಿಗೆ ಐದು ರೂಪಾಯಿಯಾಗುತ್ತಿದ್ದ ಆಲೆ ಮರ ಇದಕ್ಕೆ ಹದಿನೇಳರ ಹತ್ತಿರ ಬಂತು. ಆ ಆರ್ಡರಿನಲ್ಲಿ ಐದಾರು ಸಾವಿರ ಕೈಯಿಂದ ಹೋಯಿತು, ಇಬ್ಬರು ಹುಡುಗರ ಕೂಲಿಯನ್ನು ತಿಂಗಳು ತಡವಾಗಿ ಕೊಡಬೇಕಾಯಿತು.

ಈಗ ದರ ಹೇಳುವಾಗ ಮರವನ್ನು ಘನಫಲದ ಮೇಲೆ, ಅರಗನ್ನು ಮೇಲ್ಮೈಯ ಮೇಲೆ ಬೇರೆಬೇರೆಯಾಗಿ ಹಾಕುತ್ತೇನೆ. ಕೂಲಿಯನ್ನು ಮಾತ್ರ ಹತ್ತು ಬುಗುರಿ ಕಡೆದು ಗಡಿಯಾರ ನೋಡಿ ಇಡುತ್ತೇನೆ, ಅದು ಯಾವ ಸೂತ್ರಕ್ಕೂ ಬಗ್ಗುವುದಿಲ್ಲ. ಅದೇ ವ್ಯಾಪಾರಿ ಈ ವರ್ಷ ಮತ್ತೆ ಅದೇ ದೊಡ್ಡ ಬುಗುರಿ ಕೇಳಿಕೊಂಡು ಬಂದರು. 38 ಎಂದೆ. "ಏನ್ರೀ, ಹೋದ ಸಲ 27 ಇತ್ತಲ್ಲ" ಎಂದರು. ಚಿಕ್ಕದನ್ನೂ ದೊಡ್ಡದನ್ನೂ ಅವರ ಎದುರಿಗೇ ಲೋಟದ ನೀರಿನಲ್ಲಿ ಒಂದಾದ ಮೇಲೊಂದು ಮುಳುಗಿಸಿ ತಕ್ಕಡಿಯನ್ನು ಅವರ ಕಡೆ ತಿರುಗಿಸಿದೆ. 37ಕ್ಕೆ ಒಪ್ಪಿ, ಮುಂಗಡ ಕೊಟ್ಟು ಹೋದರು.